ಮಳೆಗಾಲ, ಬ್ಯಾಟರಿ ಸೇವರ್ ಮತ್ತು ಸಿಂಕ್ ಆಗದ ನನ್ನ ವಾಚು

ನನ್ನ ವಾಚು ಈಗ ಸರಿಯಾಗಿದೆ. ನಿಜ ಹೇಳಬೇಕೆಂದರೆ ಅದು ಹಾಳಾಗಿರಲೇ ಇಲ್ಲ. ಇಷ್ಟು ತಿಳಿಯಲು ನನಗೆ ಜೂನ್ ತಿಂಗಳಿನಿಂದ ಚೌತಿಯವರೆಗೆ ಬೇಕಾಯಿತು. ಈ ನಡುವೆ ಹುಬ್ಬಳ್ಳಿಗೆ ಒಂದು ಸಲ ಹೋಗಿ ಬಂದೆ, ಮೊಬೈಲ್ ಅಂಗಡಿಗೆ ನೂರು ರೂಪಾಯಿ ಕೊಟ್ಟೆ, ತಿಂಗಳಿಗೂ ಹೆಚ್ಚು ಕಾಲ ವಾಚನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ. ನಮ್ಮ ಕಡೆ ಮಳೆಗಾಲದಲ್ಲಿ ಫೋನ್ ಚಾರ್ಜ್ ಉಳಿಸಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ಹಾಗಾಗಿ ಈ ತೊಂದರೆ ನನ್ನೊಬ್ಬನಿಗೇ ಆಗಿರಲಿಕ್ಕಿಲ್ಲ ಅಂದುಕೊಂಡು ನಡೆದಿದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಅಡಿಕೆ ತೋಟ, ಹಿಂದೆ ಬೆಟ್ಟ. ಕಳೆದ ಚಳಿಗಾಲದಲ್ಲಿ ಶುಗರ್ ಸ್ವಲ್ಪ ಏರಿದೆ, ದಿನಾ ನಡೆಯಿರಿ ಅಂದರು ಡಾಕ್ಟರು. ಬೆಂಗಳೂರಲ್ಲಿರುವ ಮಗಳು ಆ ವಾರವೇ ಒಂದು ಸ್ಮಾರ್ಟ್‌ವಾಚ್ ಕಳಿಸಿದಳು. 2,799 ರೂಪಾಯಿಯದ್ದು. ಅವಳೇ ಬಂದು ನನ್ನ ಫೋನಿಗೆ ಆ್ಯಪ್ ಹಾಕಿ, ವಾಚನ್ನು ಜೋಡಿಸಿ, ಒಂದು ಕರಾರು ಹಾಕಿ ಹೋದಳು: ಪ್ರತಿ ಭಾನುವಾರ ಸಂಜೆ ಆ್ಯಪ್‌ನಲ್ಲಿ ವಾರದ ಹೆಜ್ಜೆಗಳ ಪಟ್ಟಿ ತೆರೆದು, ಸ್ಕ್ರೀನ್‌ಶಾಟ್ ತೆಗೆದು ಅವಳಿಗೆ ವಾಟ್ಸಾಪ್ ಮಾಡಬೇಕು. ಮೇ ಮುಗಿಯುವವರೆಗೆ ಒಂದು ಭಾನುವಾರವೂ ತಪ್ಪಲಿಲ್ಲ.

ಇಲ್ಲಿ ಸಿಂಕ್ ಅಂದರೇನು ಅಂತ ನಮ್ಮ ಭಾಷೆಯಲ್ಲಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅಡಿಕೆ ಗೊನೆ ಕೊಯ್ಲಿನ ದಿನ ತೋಟದಲ್ಲಿ ಒಬ್ಬ ನಿಂತು ಎಷ್ಟು ಗೊನೆ ಬಿತ್ತು ಅಂತ ಕಿಸೆಯ ಪುಸ್ತಕದಲ್ಲಿ ಗೀಟು ಹಾಕುತ್ತಾನೆ. ಸಂಜೆ ಮನೆಗೆ ಬಂದು ದೊಡ್ಡ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾನೆ. ವಾಚು ಆ ಕಿಸೆಯ ಪುಸ್ತಕ, ಫೋನಿನ ಆ್ಯಪ್ ಆ ದೊಡ್ಡ ಪುಸ್ತಕ. ಹೆಜ್ಜೆ ಎಣಿಸಲು ವಾಚಿಗೆ ಫೋನು ಬೇಕಾಗಿಲ್ಲ. ಎಣಿಸಿದ್ದನ್ನು ಬ್ಲೂಟೂತ್ ಮೂಲಕ ದಾಟಿಸಲು ಮಾತ್ರ ಬೇಕು. ಕಿಸೆಯ ಪುಸ್ತಕ ಸಣ್ಣದು. ನನ್ನ ವಾಚಿನ ಕೈಪಿಡಿಯಲ್ಲಿ ಏಳು ದಿನದ ಲೆಕ್ಕ ಇಟ್ಟುಕೊಳ್ಳುತ್ತದೆ ಅಂತ ಬರೆದಿತ್ತು. ಎಂಟನೇ ದಿನ ಬಂದರೆ ಮೊದಲ ದಿನದ್ದನ್ನು ಅಳಿಸಿ ಅದರ ಮೇಲೆ ಬರೆಯುತ್ತದೆ. ಈ ಏಳು ದಿನದ ಸಂಗತಿಯನ್ನು ಆಗ ನಾನು ಓದಿಯೂ ಓದಿರಲಿಲ್ಲ.

ಜೂನ್ ಎರಡನೇ ವಾರ ಮಳೆ ಕಚ್ಚಿಕೊಂಡಿತು. ರಸ್ತೆಯ ತಿರುವಿನಲ್ಲಿ ಮರ ಬಿದ್ದು ಲೈನ್ ಹರಿಯಿತು, ಮೂರು ದಿನ ಕರೆಂಟಿಲ್ಲ. ನಮ್ಮಲ್ಲಿ ಫೋನಿನ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಒಂದೋ ಎರಡೋ ಕಡ್ಡಿ. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಚಾರ್ಜ್ ಕಳೆದುಕೊಳ್ಳುತ್ತದೆ, ಗೊತ್ತಲ್ಲ. ಬೆಳಿಗ್ಗೆ ನೂರಿದ್ದದ್ದು ಸಂಜೆಗೆ ಮೂವತ್ತು. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು ಬ್ಯಾಟರಿ ಸೇವರ್ ಒತ್ತಿದೆ. ಪಕ್ಕದಲ್ಲೇ ಲೊಕೇಶನ್ ಇತ್ತು, ತೋಟದಲ್ಲಿರುವವನಿಗೆ ಲೊಕೇಶನ್ ಎಂತಕ್ಕೆ ಅಂತ ಅದನ್ನೂ ಆರಿಸಿದೆ. ಚಾರ್ಜ್ ತುಂಬಿದ ಮೇಲೆ ಬ್ಯಾಟರಿ ಸೇವರ್ ತಾನೇ ಆಫ್ ಆಗುವ ಫೋನುಗಳೂ ಇವೆ. ನನ್ನದು ಹಾಗಲ್ಲ. ಕರೆಂಟು ನಾಲ್ಕನೇ ದಿನ ಬಂತು, ನಾನು ಒತ್ತಿದ ಎರಡು ಗುಂಡಿಗಳು ಹಾಗೇ ಉಳಿದವು.

ಆ ಭಾನುವಾರ ಆ್ಯಪ್ ತೆರೆದರೆ ಗುರುವಾರದಿಂದ ಈಚೆಗೆ ಎಲ್ಲ ಖಾಲಿ. ಮೇಲೆ ಸಣ್ಣ ಅಕ್ಷರದಲ್ಲಿ ಕೊನೆಯ ಸಿಂಕ್‌ನ ತಾರೀಖು. ವಾಚಿನಲ್ಲಿ ಮಾತ್ರ ಆ ದಿನದ್ದು ನಾಲ್ಕು ಸಾವಿರ ಚಿಲ್ಲರೆ ಹೆಜ್ಜೆ ಕಾಣುತ್ತಿತ್ತು. ಆ್ಯಪ್‌ನ ಕೆಳಗೆ ಹಳದಿ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬಂತು. ನಾನು ಓದದೆ ಬೆರಳಲ್ಲಿ ಸರಿಸಿದೆ. ಲೊಕೇಶನ್ ಆನ್ ಮಾಡು ಅಂತ ಅದು ಹೇಳುತ್ತಿತ್ತು ಅಂತ ತಿಳಿದಿದ್ದು ಮೂರು ತಿಂಗಳ ಮೇಲೆ.

ಆಮೇಲೆ ನಾನು ಮಾಡಿದ್ದೆಲ್ಲ ರೋಗಕ್ಕಿಂತ ಕೆಟ್ಟ ಮದ್ದು. ಮೊದಲು ವಾಚು ಆರಿಸಿ ಹಚ್ಚಿದೆ. ಫೋನು ಆರಿಸಿ ಹಚ್ಚಿದೆ. ಇವೆರಡರಲ್ಲಿ ತಪ್ಪಿಲ್ಲ. ಮೂರನೆಯದಾಗಿ ಫೋನಿನ ಬ್ಲೂಟೂತ್ ಪಟ್ಟಿಗೆ ಹೋಗಿ ಅಲ್ಲಿದ್ದ ವಾಚಿನ ಹೆಸರನ್ನು ಅಳಿಸಿದೆ, ಮತ್ತೆ ಹುಡುಕಿಸಿ ಅಲ್ಲಿಂದಲೇ ಜೋಡಿಸಿದೆ. Connected ಅಂತ ತೋರಿಸಿತು. ಮಗಳಿಗೆ ಫೋನ್ ಹಚ್ಚಿದರೆ ಮಾತು ವಾಚಿನ ಸ್ಪೀಕರಿನಿಂದಲೇ ಕೇಳಿತು. ಹಾಗಾದರೆ ಬ್ಲೂಟೂತ್ ಸರಿ ಇದೆ, ಆ್ಯಪ್ ಹಾಳು ಅಂತ ತೀರ್ಮಾನಿಸಿಬಿಟ್ಟೆ.

ಇದೊಂದು ಮೋಸದ ಜಾಗ, ಸ್ವಲ್ಪ ನಿಂತು ಹೇಳುತ್ತೇನೆ. ಮಾತಾಡಲು ಬರುವ ಇಂಥ ವಾಚುಗಳಲ್ಲಿ ಎರಡು ಬ್ಲೂಟೂತ್ ದಾರಿಗಳಿರುತ್ತವೆ. ಒಂದು ಧ್ವನಿಗೆ, ನಾವು ಇಯರ್‌ಫೋನ್ ಜೋಡಿಸುತ್ತೇವಲ್ಲ, ಅದೇ ಹಳೆಯ ಬಗೆ. ಇನ್ನೊಂದು ಕಡಿಮೆ ಕರೆಂಟಿನ ಬ್ಲೂಟೂತ್, ಹೆಜ್ಜೆ, ನಿದ್ದೆ, ನಾಡಿ ಬಡಿತದ ಲೆಕ್ಕ ದಾಟುವುದು ಅದರಲ್ಲಿ. ನನ್ನ ವಾಚು ಫೋನಿನ ಪಟ್ಟಿಯಲ್ಲಿ ಎರಡು ಹೆಸರಿನಲ್ಲಿ ಬರುತ್ತಿತ್ತು, ಒಂದರ ಕೊನೆಗೆ Call ಅಂತ ಇತ್ತು. ನಾನು ಜೋಡಿಸಿದ್ದು ಅದನ್ನು. ಅದು ಧ್ವನಿಯ ದಾರಿ. ಹೆಜ್ಜೆಯ ದಾರಿಯನ್ನು ಆ್ಯಪ್‌ನ ಒಳಗಿನಿಂದಲೇ ಜೋಡಿಸಬೇಕು, ಫೋನಿನ ಪಟ್ಟಿಯಿಂದ ಜೋಡಿಸಿದರೆ ಆ್ಯಪ್‌ಗೆ ಸುದ್ದಿಯೇ ಇರುವುದಿಲ್ಲ. ಹಾಗಾಗಿ "ಬ್ಲೂಟೂತ್ ಕನೆಕ್ಟ್ ಆಗಿದೆ, ಮಾತೂ ಬರುತ್ತದೆ" ಅನ್ನುವುದು ಸಿಂಕ್ ಸರಿ ಇದೆ ಅನ್ನಲು ಸಾಕ್ಷಿ ಅಲ್ಲ. ಮುಂದೆ ಕಸ್ಟಮರ್ ಕೇರ್‌ನವರ ಹತ್ತಿರ ನಾನು ಇದೇ ಮಾತು ಹಿಡಿದು ವಾದಿಸಿದ್ದೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜೂನ್ ಕೊನೆಗೆ ಪೇಟೆಗೆ ಹೋದಾಗ ಒಂದು ಮೊಬೈಲ್ ಅಂಗಡಿಗೆ ತೋರಿಸಿದೆ. ಅಂಗಡಿಯ ಹುಡುಗ ನೋಡಿದ, ಆ್ಯಪ್ ತೆಗೆದು ಹೊಸದಾಗಿ ಹಾಕಿದರೆ ಸರಿಹೋಗುತ್ತದೆ ಅಂದ, ತೆಗೆದು ಹಾಕಿದ. ನೂರು ರೂಪಾಯಿ. ಲಾಗಿನ್ ನೀವೇ ಮಾಡಿಕೊಳ್ಳಿ, ನಿಮ್ಮ ಪಾಸ್‌ವರ್ಡ್ ನನಗೆ ಬೇಡ ಅಂದ. ಪ್ರಾಮಾಣಿಕ ಹುಡುಗ. ಬಸ್ಸಿಗೆ ಹೊತ್ತಾಗಿತ್ತು, ನಾನು ಬಸ್ಸಿನಲ್ಲೇ ಕೂತು ಆ್ಯಪ್ ತೆರೆದೆ.

ತೆರೆದ ಕೂಡಲೇ ಒಂದರ ಮೇಲೊಂದು ಪ್ರಶ್ನೆ. ಕಾಂಟ್ಯಾಕ್ಟ್ ನೋಡಲೇ, ಕರೆಗಳ ಪಟ್ಟಿ ನೋಡಲೇ, ಮೆಸೇಜು ಓದಲೇ, ನೀವಿರುವ ಜಾಗ ತಿಳಿಯಲೇ. ಹಿಂದಿನ ತಿಂಗಳಷ್ಟೇ ನಮ್ಮೂರಿನ ಒಬ್ಬರು ಒಟಿಪಿ ಹೇಳಿ ಹಣ ಕಳೆದುಕೊಂಡಿದ್ದರು. ನನಗೆ ಹೆದರಿಕೆ. ಒಂದು ವಾಚಿಗೆ ಇಷ್ಟೆಲ್ಲ ಯಾಕೆ ಅಂತ ಬಂದದ್ದಕ್ಕೆಲ್ಲ Don't allow ಒತ್ತಿದೆ. ಅದರ ನಡುವೆ nearby devices ಅಂತ ಒಂದು ಬಂದಿತ್ತು. ಅಕ್ಕಪಕ್ಕದವರ ಸಾಧನ ನೋಡಲು ಇದಕ್ಕೆ ಏನು ಅಧಿಕಾರ ಅಂತ ಅದಕ್ಕೂ ಬೇಡ ಅಂದೆ. ವಾಚು ಹುಡುಕು ಅಂದಾಗ ಅದೇ ಪ್ರಶ್ನೆ ಇನ್ನೊಮ್ಮೆ ಬಂತು, ಇನ್ನೊಮ್ಮೆ ಬೇಡ ಅಂದೆ. ಆಮೇಲೆ ಅದು ಕೇಳಲೇ ಇಲ್ಲ.

ಕೇಳದಿರುವುದಕ್ಕೆ ಕಾರಣ ಇದೆ. ಆಂಡ್ರಾಯ್ಡ್ 11ರಿಂದ ಈಚೆಗೆ ಒಂದೇ ಅನುಮತಿಗೆ ಎರಡು ಸಲ ಬೇಡ ಅಂದರೆ, ಫೋನು ಅದನ್ನು "ಇನ್ನು ಕೇಳಬೇಡ" ಅಂತಲೇ ತಿಳಿದುಕೊಳ್ಳುತ್ತದೆ. ಆ್ಯಪ್ ಎಷ್ಟು ಸಲ ಕೇಳಿದರೂ ಪ್ರಶ್ನೆ ಪರದೆಯ ಮೇಲೆ ಬರುವುದೇ ಇಲ್ಲ. ಆ್ಯಪ್ ಸುಮ್ನೆ ಗುಂಡಗೆ ತಿರುಗುತ್ತಾ ಕೂತಿರುತ್ತದೆ, ವಾಚು ಸಿಗುವುದಿಲ್ಲ. ನೋಡುವವನಿಗೆ ವಾಚೇ ಸತ್ತ ಹಾಗೆ ಕಾಣುತ್ತದೆ. ನನಗೂ ಹಾಗೇ ಕಂಡಿತು.

ಅಲ್ಲಿಗೆ ವಾರಂಟಿಯ ದಾರಿ ಹಿಡಿದೆ. ಇದಕ್ಕೆ ಮೂರು ಬೇಕಾದವು: ಖರೀದಿಯ ಬಿಲ್, ವಾಚಿನ ಸೀರಿಯಲ್ ನಂಬರ್, ತೊಂದರೆ ತೋರಿಸುವ ಒಂದು ವಿಡಿಯೋ. ಬಿಲ್ ಮಗಳ ಇಮೇಲ್‌ನಲ್ಲಿತ್ತು, ಕಳಿಸಿದಳು. ಸೀರಿಯಲ್ ನಂಬರು ಪೆಟ್ಟಿಗೆಯ ಹಿಂದೆ ಇರುತ್ತದೆ ಅಂದರು. ಪೆಟ್ಟಿಗೆಯಲ್ಲಿ ಹೆಂಡತಿ ಸೂಜಿ, ದಾರ, ಗುಂಡಿ ತುಂಬಿಟ್ಟಿದ್ದಳು, ಅದು ಸಿಗಲು ಒಂದು ದಿನ ಹೋಯಿತು. ವಾಚಿನ ಸೆಟ್ಟಿಂಗ್ಸ್‌ನಲ್ಲಿ About ಅಂತ ಇರುತ್ತದೆ, ಅದರೊಳಗೂ ನಂಬರು ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ವಿಡಿಯೋ ಕಳಿಸಲು ಜಗಲಿಯ ಮೂಲೆಯ ಎರಡು ಕಡ್ಡಿ ಸಾಲಲಿಲ್ಲ, ಬೆಟ್ಟದ ನೆತ್ತಿಗೆ ಕೊಡೆ ಹಿಡಿದು ಹೋಗಿ ಕಳಿಸಿದೆ. ಆ ದಿನದ ಹೆಜ್ಜೆ ಜಾಸ್ತಿ ಆಗಿರಬೇಕು, ಲೆಕ್ಕ ಮಾತ್ರ ಎಲ್ಲೂ ಇಲ್ಲ.

ಒಂಬತ್ತು ದಿನ ಕಾದ ಮೇಲೆ ಉತ್ತರ ಬಂತು. ನಿಮ್ಮ ಪಿನ್‌ಕೋಡಿಗೆ ಮನೆಯಿಂದ ಒಯ್ಯುವ ಸೌಲಭ್ಯ ಇಲ್ಲ, ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ತಂದುಕೊಡಿ.

ಜುಲೈ ಮಧ್ಯದಲ್ಲಿ, ಮದ್ದು ಹೊಡೆಯುವ ಕೆಲಸ ಬಿಟ್ಟು, ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಅಡಿಕೆಗೆ ಕೊಳೆ ರೋಗ ಬರುವ ಕಾಲ, ಮಳೆ ಸ್ವಲ್ಪ ಹೊಳವಾದ ದಿನವೇ ಬೋರ್ಡೋ ದ್ರಾವಣ ಹೊಡೆಯಬೇಕು. ಆ ದಿನವನ್ನೇ ಒಂದು ವಾಚಿಗೆ ಕೊಟ್ಟೆನಲ್ಲ ಅಂತ ಮುಂಡಗೋಡ ದಾಟುವವರೆಗೂ ಹೊಟ್ಟೆ ಉರಿಯುತ್ತಿತ್ತು. ಸೇವಾ ಕೇಂದ್ರದಲ್ಲಿ ಟೋಕನ್ ಹಿಡಿದು ಒಂದೂವರೆ ತಾಸು ಕೂತೆ. ನನ್ನ ಸರದಿ ಬಂದಾಗ ಆಗಿದ್ದು ಎರಡು ನಿಮಿಷದ ಕೆಲಸ. ಹುಡುಗ ವಾಚು ತೆಗೆದುಕೊಂಡ, ರೀಸೆಟ್ ಮಾಡಿದ, ತನ್ನ ಮೇಜಿನ ಮೇಲಿದ್ದ ಫೋನಿಗೆ ಜೋಡಿಸಿದ. ಟಿಂಗ್ ಅಂತ ಸಿಂಕ್ ಆಯಿತು.

"ನಮ್ಮ ಫೋನಿಗೆ ಬಂತಲ್ರೀ ಸರ್. ವಾಚು ಚಲೋ ಐತಿ."

"ನನ್ನ ಫೋನಿಗೆ ಬರುವುದಿಲ್ಲವಲ್ಲ?"

"ಅದು ನಿಮ್ಮ ಫೋನಿಂದು. ಫೋನ್ ಕಂಪನಿಗೆ ಕೇಳ್ರಿ."

ಮತ್ತೊಮ್ಮೆ ರೀಸೆಟ್ ಮಾಡಿ, ದೋಷ ಕಂಡುಬಂದಿಲ್ಲ ಅಂತ ಒಂದು ಚೀಟಿ ಕೊಟ್ಟು ಕಳಿಸಿದ. ಸಿಟ್ಟು ಬಂತು ನಿಜ. ಆದರೆ ಆ ಎರಡು ನಿಮಿಷದ ಪರೀಕ್ಷೆ ಸರಿಯಾದದ್ದೇ. ಬೇರೆ ಫೋನಿಗೆ ಸಿಂಕ್ ಆದರೆ ವಾಚಿನ ಬ್ಲೂಟೂತ್ ಗಟ್ಟಿಯಿದೆ ಅಂತ ಅರ್ಥ. ಇದನ್ನು ನಾನು ಮನೆಯಲ್ಲೇ ಹೆಂಡತಿಯ ಫೋನಿನಲ್ಲಿ ಮಾಡಿ ನೋಡಬಹುದಿತ್ತು. ಮುನ್ನೂರು ರೂಪಾಯಿ ಬಸ್ಸಿನ ಖರ್ಚು, ಊಟ, ಒಂದು ದಿನ ಎಲ್ಲ ಉಳಿಯುತ್ತಿತ್ತು. ಹಾಗೆ ನೋಡುವವರು ಒಂದು ಎಚ್ಚರ ವಹಿಸಬೇಕು: ಇಂಥ ವಾಚು ಒಂದು ಹೊತ್ತಿಗೆ ಒಂದೇ ಆ್ಯಪ್‌ನ ಜೊತೆ ಇರುತ್ತದೆ. ಒಂದು ಫೋನಿಗೆ ಜೋಡಿಕೊಂಡಿದ್ದರೆ ಇನ್ನೊಂದಕ್ಕೆ ತನ್ನ ಹೆಸರನ್ನೇ ತೋರಿಸುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಫೋನಿನ ಆ್ಯಪ್‌ನಿಂದ ವಾಚನ್ನು ಬಿಡಿಸಬೇಕು. ಹಳೆಯ ಫೋನು ಕಪಾಟಿನಲ್ಲಿ ಬ್ಲೂಟೂತ್ ಆನ್ ಆಗಿ ಬಿದ್ದಿದ್ದರೂ ಇದೇ ತಾಪತ್ರಯ.

ಇನ್ನೊಂದು, ರೀಸೆಟ್. ರೀಸೆಟ್ ಮಾಡಿದರೆ ಕಿಸೆಯ ಪುಸ್ತಕ ಹರಿದು ಒಲೆಗೆ ಹಾಕಿದ ಹಾಗೆ. ಆ್ಯಪ್‌ಗೆ ದಾಟದೆ ಉಳಿದಿದ್ದ ಏಳು ದಿನದ ಲೆಕ್ಕ ಅಲ್ಲೇ ಹೋಯಿತು. ಅದಕ್ಕೂ ಹಿಂದಿನ ದಿನಗಳದ್ದು ಮೊದಲೇ ಒಂದರ ಮೇಲೊಂದು ಅಳಿದು ಹೋಗಿತ್ತು. ಸಿಂಕ್ ನಿಂತಿದೆ ಅಂತ ಕಂಡರೆ ರೀಸೆಟ್ ಕಟ್ಟಕಡೆಯ ಉಪಾಯವಾಗಿರಲಿ. ಅದೂ ಲೆಕ್ಕ ಹೋದರೆ ಹೋಗಲಿ ಅಂತ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ.

ಮನೆಗೆ ಬಂದು ಜೋಡಿಸಲು ನೋಡಿದರೆ ಮತ್ತೆ ಅದೇ ತಿರುಗುವ ಚಕ್ರ. ವಾಚನ್ನು ಸೂಜಿ ದಾರದ ಪೆಟ್ಟಿಗೆಗೇ ಹಾಕಿದೆ. "ಹೋಗಲಿ ಬಿಡು ಅಪ್ಪ, ಬೇರೆ ತಗಳನ" ಅಂದಳು ಮಗಳು. ಆಗಸ್ಟ್ ತಿಂಗಳು ಹಾಗೇ ಕಳೆಯಿತು.

ಚೌತಿಗೆ ತಂಗಿಯ ಮನೆಯವರೆಲ್ಲ ಬಂದರು. ತಂಗಿಯ ಮಗಳು ಕಾರವಾರದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹಬ್ಬದ ಮಾರನೇ ದಿನ ಜಗಲಿಯಲ್ಲಿ ಚಕ್ಕುಲಿ ತಿನ್ನುತ್ತಾ ಕೂತಿದ್ದಳು. ಸೂಜಿ ಹುಡುಕಲು ಹೋದ ಅವಳಮ್ಮನ ಕೈಗೆ ವಾಚು ಸಿಕ್ಕಿತು. ಕಥೆ ಎಲ್ಲ ಹೇಳಿದೆ. ಅವಳು ವಾಚು ಮುಟ್ಟಲೇ ಇಲ್ಲ. ನನ್ನ ಫೋನು ಕೇಳಿದಳು.

"ಮಾವಾ, ಆ್ಯಪ್‌ನಲ್ಲಿ ಹುಡುಕಿದಾಗ ವಾಚಿನ ಹೆಸರು ಕಾಣುತ್ತಾ, ಕಂಡು ಜೋಡಣೆ ಆಗುವುದಿಲ್ಲವಾ, ಅಥವಾ ಜೋಡಣೆ ಆಗಿ ಆಮೇಲೆ ನಿಲ್ಲುತ್ತಾ?"

"ಹೆಸರೇ ಕಾಣುವುದಿಲ್ಲ."

"ಹಾಗಾದರೆ ಅನುಮತಿಯಿಂದ ಶುರು ಮಾಡೋಣ. ಫೋನಿಗೆ ವಾಚು ಹುಡುಕಲು ನೀವೇ ಬಿಟ್ಟಿಲ್ಲ ಅನಿಸುತ್ತದೆ."

ಅವಳು ಹೋದ ದಾರಿ ಇದು. ನನ್ನ ಫೋನು ಆಂಡ್ರಾಯ್ಡ್ 13. ಬೇರೆ ಕಂಪನಿಯ ಫೋನಿನಲ್ಲಿ ಹೆಸರು ಒಂದಿಷ್ಟು ಆಚೀಚೆ ಇರಬಹುದು.

```
Settings > Apps > (ವಾಚಿನ ಆ್ಯಪ್) > Permissions
```

ಒಳಗೆ ಎರಡು ಗುಂಪು. ಮೇಲೆ Allowed, ಅದರಲ್ಲಿ ಏನೂ ಇಲ್ಲ. ಕೆಳಗೆ Not allowed, ಅದರಲ್ಲಿ ಎಲ್ಲವೂ ಇದೆ. ಅದನ್ನು ನೋಡಿ ಅವಳು ನಕ್ಕಳು. Nearby devices ಒತ್ತಿ Allow ಮಾಡಿದಳು. Location ಒತ್ತಿ Allow only while using the app ಮಾಡಿದಳು. ಆಮೇಲೆ ಪರದೆ ಎಳೆದು ನಾನು ಜೂನ್‌ನಲ್ಲಿ ಆರಿಸಿದ್ದ ಲೊಕೇಶನ್ ಗುಂಡಿ ಹಚ್ಚಿದಳು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಉಳಿದಿದ್ದ ವಾಚಿನ ಹಳೆಯ ಹೆಸರುಗಳನ್ನೆಲ್ಲ Forget ಮಾಡಿದಳು, ಯಾಕೆಂದರೆ ರೀಸೆಟ್ ಆದ ವಾಚು ಹಳೆಯ ಗುರುತನ್ನು ಮರೆತಿರುತ್ತದೆ, ಫೋನು ಮರೆತಿರುವುದಿಲ್ಲ. ಇಷ್ಟಾದ ಮೇಲೆ ಆ್ಯಪ್‌ನ ಒಳಗಿನಿಂದ ಹುಡುಕಿಸಿದಳು. ಎರಡು ಸೆಕೆಂಡಿಗೆ ಹೆಸರು ಬಂತು.

ವಾಚಿಗೂ ನಾನಿರುವ ಜಾಗಕ್ಕೂ ಏನು ಸಂಬಂಧ ಅಂತ ಕೇಳಿದೆ. ಅವಳು ಹೇಳಿದ್ದು ನನಗೆ ಹಿಡಿಸಿತು. ದೊಡ್ಡ ಊರುಗಳ ಮಾಲ್, ಅಂಗಡಿಗಳಲ್ಲಿ ಗೋಡೆಗೆ ಸಣ್ಣ ಬ್ಲೂಟೂತ್ ಸಾಧನ ಅಂಟಿಸಿರುತ್ತಾರೆ. ಅದು ಇಡೀ ದಿನ ತನ್ನ ಹೆಸರು ಕೂಗುತ್ತಿರುತ್ತದೆ. ನಿಮ್ಮ ಫೋನಿನ ಒಂದು ಆ್ಯಪ್ ಆ ಕೂಗು ಕೇಳಿಸಿಕೊಂಡರೆ ನೀವು ಯಾವ ಅಂಗಡಿಯಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಸುತ್ತಲಿನ ಬ್ಲೂಟೂತ್ ಹುಡುಕುವುದೂ ಒಂದು ಲೆಕ್ಕದಲ್ಲಿ ಜಾಗ ತಿಳಿದ ಹಾಗೇ ಅಂತ ಆಂಡ್ರಾಯ್ಡ್ ನಿಯಮ ಮಾಡಿತು. ಆಂಡ್ರಾಯ್ಡ್ 11ರವರೆಗೆ ವಾಚು ಹುಡುಕಲು ಲೊಕೇಶನ್ ಅನುಮತಿಯೇ ಬೇಕಿತ್ತು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ ಇದಕ್ಕೆ ಅಂತಲೇ Nearby devices ಅನ್ನುವ ಬೇರೆ ಅನುಮತಿ ಮಾಡಿದರು. ಆದರೂ ಎಲ್ಲ ಆ್ಯಪ್‌ಗಳು ಅದೊಂದರಲ್ಲೇ ನಡೆಯುವುದಿಲ್ಲ. ಬ್ಲೂಟೂತ್ ಹುಡುಕಾಟದಿಂದ ಜಾಗ ತಿಳಿಯುವುದಿಲ್ಲ ಅಂತ ಆ್ಯಪ್ ಮಾಡಿದವರು ಅದರೊಳಗೆ ಬರೆದುಕೊಟ್ಟಿರಬೇಕು. ಬರೆಯದಿದ್ದರೆ ಇವತ್ತಿಗೂ ಲೊಕೇಶನ್ ಅನುಮತಿಯೂ ಬೇಕು, ಲೊಕೇಶನ್ ಗುಂಡಿಯೂ ಹಚ್ಚಿರಬೇಕು. ನನ್ನ ಆ್ಯಪ್ ಆ ಜಾತಿಯದು.

"ಹಾಗಾದರೆ ನಾನು ಬೇಡ ಅಂದಿದ್ದೆಲ್ಲ ತಪ್ಪಾ?" ಅಂತ ಕೇಳಿದೆ.

"ಎಲ್ಲ ತಪ್ಪಲ್ಲ. ಮೆಸೇಜು, ಕಾಂಟ್ಯಾಕ್ಟು, ಕರೆಗಳ ಪಟ್ಟಿ, ಇವು ಹೆಜ್ಜೆಗೆ ಬೇಡ. ಯಾರು ಫೋನ್ ಮಾಡಿದರು ಅಂತ ವಾಚಿನಲ್ಲಿ ಹೆಸರು ಕಾಣಬೇಕಾದರೆ ಮಾತ್ರ ಬೇಕು. ಅದು ಬೇಡವಾದರೆ ಹಾಗೇ ಇರಲಿ ಮಾವ."

ಹಾಗೇ ಇಟ್ಟೆವು. ನನ್ನ ಹೆದರಿಕೆ ಪೂರ್ತಿ ದಡ್ಡತನ ಆಗಿರಲಿಲ್ಲ ಅಂತ ಸ್ವಲ್ಪ ಸಮಾಧಾನ.

ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬಂದೆ. ಆ್ಯಪ್ ತೆರೆದೇ ಇತ್ತು, ಹೆಜ್ಜೆ ಏರಿತು. ಮೂರು ತಿಂಗಳ ಮೇಲೆ ಆ ಹಸಿರು ಕಂಬ ನೋಡಿ ಆದ ಖುಷಿ ಹೇಳತೀರದು. ಮಗಳಿಗೆ ಸ್ಕ್ರೀನ್‌ಶಾಟ್ ಹೋಯಿತು.

ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯ ನಿದ್ದೆಯ ಲೆಕ್ಕ ಬಂದಿರಲಿಲ್ಲ. ಕೊನೆಯ ಸಿಂಕ್ ಹಿಂದಿನ ಸಂಜೆ 6:10. ನಾನು ಮತ್ತೆ ಸೂಜಿ ದಾರದ ಪೆಟ್ಟಿಗೆ ಹುಡುಕುವುದರಲ್ಲಿದ್ದೆ. ತಂಗಿಯ ಮಗಳು ಮಾತ್ರ ಗಾಬರಿಯಾಗಲಿಲ್ಲ. ನಾನು ಆ್ಯಪ್ ತೆರೆದು ಹತ್ತು ಸೆಕೆಂಡ್ ಆಗುವಷ್ಟರಲ್ಲಿ ಸಿಂಕ್ ಶುರುವಾಯಿತು, ನಿದ್ದೆಯೂ ಬಂತು. "ನೋಡಿ, ತೆರೆದರೆ ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಇದು ಅನುಮತಿಯದ್ದಲ್ಲ, ಬ್ಯಾಟರಿಯದ್ದು," ಅಂದಳು.

ನನ್ನ ಇಡೀ ಕಥೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಮಾತು ಇದೇ ಅಂತ ನನಗೆ ಅನಿಸುತ್ತದೆ. ವಾಚಿನ ಹೆಸರೇ ಕಾಣದಿದ್ದರೆ ಮೊದಲು ಅನುಮತಿ, ಲೊಕೇಶನ್ ನೋಡಿ. ಆ್ಯಪ್ ತೆರೆದಾಗ ಸರಿಯಾಗಿ ಬಂದು, ಪರದೆ ಆರಿದ ಮೇಲೆ ನಿಂತರೆ ಬ್ಯಾಟರಿ ಕಡೆ ನೋಡಿ. ಎರಡೂ ಬೇರೆ ಬೇರೆ ರೋಗ. ನನಗೆ ಜೂನ್‌ನಲ್ಲಿ ಬಂದಿದ್ದು ಬ್ಯಾಟರಿ ಸೇವರ್‌ನದ್ದು, ಜೊತೆಗೆ ಆರಿಸಿದ ಲೊಕೇಶನ್. ಅನುಮತಿಯ ರೋಗ ಆಮೇಲೆ ಆ್ಯಪ್ ತೆಗೆದು ಹಾಕಿದಾಗ ನಾನೇ ಅಂಟಿಸಿಕೊಂಡಿದ್ದು. ಆ್ಯಪ್ ತೆಗೆದರೆ ಮಗಳು ಮೊದಲು ಕೊಟ್ಟಿದ್ದ ಅನುಮತಿಗಳೆಲ್ಲ ಅದರ ಜೊತೆಗೇ ಹೋಗುತ್ತವೆ.

ಬ್ಯಾಟರಿ ಸೇವರ್ ಏನು ಮಾಡುತ್ತದೆ ಅಂದರೆ, ಪರದೆಯ ಮೇಲೆ ಇಲ್ಲದ ಆ್ಯಪ್‌ಗಳನ್ನು ಮಲಗಿಸುತ್ತದೆ. ಕಿಸೆಯ ಪುಸ್ತಕ ಹಿಡಿದು ಬಂದವನಿಗೆ ಬಾಗಿಲು ತೆಗೆಯಲು ಮನೆಯಲ್ಲಿ ಯಾರೂ ಎದ್ದಿರುವುದಿಲ್ಲ. ಕೆಲವು ಫೋನುಗಳಲ್ಲಿ ಪರದೆ ಆರಿದ ಕೂಡಲೇ ಲೊಕೇಶನ್ನೂ ನಿಲ್ಲುತ್ತದೆ. ಬ್ಯಾಟರಿ ಸೇವರ್ ಹಾಕದಿದ್ದರೂ ಫೋನು ಮೇಜಿನ ಮೇಲೆ ಅಲ್ಲಾಡದೆ ಬಿದ್ದಿದ್ದರೆ ಆಂಡ್ರಾಯ್ಡ್ ತಾನಾಗಿಯೇ ಆ್ಯಪ್‌ಗಳ ಕೆಲಸ ಮುಂದೂಡುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಸೆಟ್ಟಿಂಗ್ ಇದೆ.

```
Settings > Apps > (ವಾಚಿನ ಆ್ಯಪ್) > Battery > Unrestricted
```

ಅಲ್ಲಿ ಮೂರು ಆಯ್ಕೆ ಇರುತ್ತವೆ. Unrestricted ಅಂದರೆ ಇದನ್ನು ಎಬ್ಬಿಸಿಯೇ ಇಡು. Optimized ಅಂದರೆ ಫೋನಿಗೆ ತೋಚಿದ ಹಾಗೆ ಮಾಡು. Restricted ಅಂದರೆ ಮುಚ್ಚಿದ ಮೇಲೆ ಮಲಗಿಸು. ನನ್ನದು Restricted ಆಗಿತ್ತು. ಮಳೆಗಾಲದಲ್ಲಿ ಯಾವಾಗಲೋ "ಈ ಆ್ಯಪ್ ಬ್ಯಾಟರಿ ತಿನ್ನುತ್ತಿದೆ, ನಿಲ್ಲಿಸಲೇ?" ಅಂತ ಫೋನು ಕೇಳಿದ್ದಕ್ಕೆ ಹೂಂ ಅಂದ ನೆನಪು. ಅದೇ ಪುಟದ ಹಿಂದೆ Pause app activity if unused ಅನ್ನುವುದೊಂದು ಇತ್ತು. ಆ್ಯಪ್ ಕೆಲವು ತಿಂಗಳು ತೆರೆಯದಿದ್ದರೆ ಕೊಟ್ಟ ಅನುಮತಿಗಳನ್ನು ಫೋನು ತಾನೇ ವಾಪಸ್ ತೆಗೆದುಕೊಳ್ಳುತ್ತದೆ. ವಾಚು ಪೆಟ್ಟಿಗೆಯಲ್ಲಿ ಇಡುವ ನನ್ನಂಥವರಿಗೆ ಇದೂ ಒಂದು ಹೊಂಡ. ಆ ಆಯ್ಕೆಯನ್ನು ಆಫ್ ಮಾಡಿದಳು. ನನ್ನ ಫೋನಿನ ಕಂಪನಿಯದ್ದೇ ಆದ Autostart ಅಂತ ಇನ್ನೊಂದು ಇತ್ತು, ಅದನ್ನು ಹಚ್ಚಿದಳು. ಇಲ್ಲದಿದ್ದರೆ ಫೋನು ಆರಿಸಿ ಹಚ್ಚಿದ ಮೇಲೆ ನಾವು ತೆರೆಯುವವರೆಗೆ ಆ್ಯಪ್ ಏಳುವುದಿಲ್ಲವಂತೆ. ಈ Autostart ಎಲ್ಲ ಫೋನಿನಲ್ಲೂ ಇರುವುದಿಲ್ಲ.

ಆಯಿತು ಅಂತ ನಂಬುವ ಮೊದಲು ಪರೀಕ್ಷೆ ಮಾಡಿಸಿದಳು. ಕೊನೆಯ ಸಿಂಕ್ ಎಷ್ಟು ಹೊತ್ತಿಗೆ ಅಂತ ಕ್ಯಾಲೆಂಡರಿನ ಮೇಲೆ ಬರೆದೆ. ಪರದೆ ಆರಿಸಿ ಫೋನು ಕಿಸೆಗೆ ಹಾಕಿ ಎರಡು ತಾಸು ತೋಟಕ್ಕೆ ಹೋಗಿ ಬಂದೆ. ಆ್ಯಪ್ ತೆರೆದ ಕೂಡಲೇ, ಅದು ಹೊಸದಾಗಿ ಸಿಂಕ್ ಮಾಡುವ ಮೊದಲೇ, ಮೇಲಿನ ಹೊತ್ತು ನೋಡಬೇಕು. ಹದಿನೈದು ನಿಮಿಷದ ಹಿಂದಿನ ಹೊತ್ತು ಇತ್ತು. ನಾನು ತೋಟದಲ್ಲಿದ್ದಾಗಲೇ ಲೆಕ್ಕ ಏರಿದೆ ಅಂತಾಯಿತು. ಮಧ್ಯಾಹ್ನ ಬ್ಯಾಟರಿ ಸೇವರ್ ಹಚ್ಚಿಟ್ಟು ಇದನ್ನೇ ಮತ್ತೆ ಮಾಡಿದೆವು. ಆಗಲೂ ಬಂತು, ಸ್ವಲ್ಪ ತಡವಾಗಿ. ಇದೇ ಫೋನಿನಲ್ಲಿ ಅಲ್ಟ್ರಾ ಅಂತ ಇನ್ನೊಂದು ಬಿಗಿಯಾದ ಸೇವರ್ ಇದೆ. ಅದನ್ನು ಹಾಕಿದಾಗ ಏನೂ ಬರಲಿಲ್ಲ. ಅದು ನಾವು ಆಯ್ದುಕೊಟ್ಟ ನಾಲ್ಕಾರು ಆ್ಯಪ್ ಬಿಟ್ಟು ಉಳಿದಿದ್ದನ್ನೆಲ್ಲ ನಿಲ್ಲಿಸಿಬಿಡುತ್ತದೆ.

ಎಬ್ಬಿಸಿಟ್ಟರೆ ಚಾರ್ಜ್ ಹೋಗುವುದಿಲ್ಲವಾ ಅನ್ನುವುದು ನನ್ನ ಮುಖ್ಯ ಚಿಂತೆ ಆಗಿತ್ತು. ಒಂದು ವಾರ ಬಿಟ್ಟು Battery usage ಪುಟ ನೋಡಿದೆ. ವಾಚಿನ ಆ್ಯಪ್ ದಿನಕ್ಕೆ ಮೂರು ಪರ್ಸೆಂಟ್ ಆಸುಪಾಸು. ಸಿಗ್ನಲ್ ಹುಡುಕುವುದರಲ್ಲಿ ಹೋಗುತ್ತಿದ್ದದ್ದು ಅದರ ನಾಲ್ಕೈದು ಪಟ್ಟು. ನಾನು ಉಳಿಸಲು ಹೋಗಿದ್ದು ಸೋರುವ ಜಾಗ ಬಿಟ್ಟು ಬೇರೆ ಜಾಗದಲ್ಲಿ. ಈಗ ಕರೆಂಟು ಹೋದರೆ ಮನೆಯ ಕೆಳಗಿನ ತೋಟದಲ್ಲಿರುವಷ್ಟು ಹೊತ್ತು ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಹಚ್ಚಿಕೊಳ್ಳುತ್ತೇನೆ. ಹೇಗೂ ಅಲ್ಲಿ ಫೋನ್ ಬರುವುದಿಲ್ಲ.

ಚಾರ್ಜ್ ತೀರಾ ಕಡಿಮೆಯಾದ ದಿನ ಸಿಂಕ್ ಪೂರ್ತಿ ಬಿಟ್ಟರೂ ಅಡ್ಡಿಲ್ಲೆ. ಏಳು ಪುಟದ ಪುಸ್ತಕ ಇದೆಯಲ್ಲ. ಎರಡು ದಿನಕ್ಕೊಮ್ಮೆ ಲೊಕೇಶನ್ ಹಚ್ಚಿ, ಆ್ಯಪ್ ತೆರೆದು, ವಾಚು ಹತ್ತಿರ ಇಟ್ಟು ಒಂದು ನಿಮಿಷ ಕಾದರೆ ಎಲ್ಲ ಏರುತ್ತದೆ. ಜೂನ್‌ನಲ್ಲಿ ಇಷ್ಟು ಗೊತ್ತಿದ್ದರೆ ಬೋರ್ಡೋ ಹೊಡೆಯುವ ಒಂದು ಹೊಳವಿನ ದಿನ ನನ್ನ ಕೈಯಲ್ಲಿರುತ್ತಿತ್ತು.

ಒಂದು ಮಾತ್ರ ಇನ್ನೂ ಸರಿಯಾಗಿಲ್ಲ. ಬ್ಯಾಟರಿ ಸೇವರ್ ಹಾಕಿದಾಗ ವಾಟ್ಸಾಪ್ ಬಂದದ್ದು ವಾಚಿಗೆ ತಿಳಿಯುವುದು ಕೆಲವೊಮ್ಮೆ ಅರ್ಧ ತಾಸು ತಡ. ಅದಕ್ಕೆ Notification access ಅಂತ ಬೇರೆಯೇ ಅನುಮತಿ ಇದೆ, ಕೊಟ್ಟಿದ್ದೇವೆ, ಆದರೂ ತಡ. ದೀಪಾವಳಿಗೆ ತಂಗಿಯ ಮಗಳು ಮತ್ತೆ ಬರುತ್ತಾಳೆ, ಆಗ ನೋಡುತ್ತೇನೆ ಅಂದಿದ್ದಾಳೆ. ಹೆಜ್ಜೆಯ ಸ್ಕ್ರೀನ್‌ಶಾಟ್ ಭಾನುವಾರ ಭಾನುವಾರ ಹೋಗುತ್ತಿದೆ. ಹೆಂಡತಿಗೆ ಸೂಜಿ ದಾರದ ಪೆಟ್ಟಿಗೆ ವಾಪಸ್ ಸಿಕ್ಕಿದೆ. ದೋಷ ಕಂಡುಬಂದಿಲ್ಲ ಅನ್ನುವ ಹುಬ್ಬಳ್ಳಿಯ ಚೀಟಿಯೂ ಅದರಲ್ಲೇ ಇದೆ.